ಜೀವಿತಾವಧಿ 64 ಅಂದರೆ 64ಕ್ಕೆ ಸಾಯುವುದಲ್ಲ: ಎರಡು ದೇಶ ಹೋಲಿಸುವ ಪ್ರಶ್ನೆಗೆ ಉತ್ತರ ಬರೆಯುವುದು ಹೇಗೆ?

ಫೆಬ್ರವರಿ ಬಂತೆಂದರೆ ಕುಂಜಿಬೆಟ್ಟಿನ ನಮ್ಮ ಮನೆಯ ಜಗಲಿಯಲ್ಲಿ ಹತ್ತನೇ ತರಗತಿಯ ಏಳೆಂಟು ಮಕ್ಕಳು ಕೂತಿರುತ್ತಾರೆ. ಇಸವಿ, ಒಪ್ಪಂದ, ನದಿ ಎಲ್ಲ ಬಾಯಿಪಾಠ. ಆದರೆ ಎರಡು ದೇಶಗಳ ಅಂಕಿ ಕೊಟ್ಟು ‘ಯಾವುದು ಹೆಚ್ಚು ಅಭಿವೃದ್ಧಿ ಹೊಂದಿದೆ? ಕಾರಣ ಕೊಡಿ’ ಎಂದು ಕೇಳಿದರೆ ಪೆನ್ನು ನಿಲ್ಲುತ್ತದೆ. ಕಳೆದ ವರ್ಷ ಒಬ್ಬ ಹುಡುಗ ಜೀವಿತಾವಧಿಯನ್ನೂ ಸಾಕ್ಷರತೆಯನ್ನೂ ಕೂಡಿಸಿ, ಎರಡರಿಂದ ಭಾಗಿಸಿ, ಉತ್ತರಕ್ಕೆ ಸ್ಕೇಲ್ ಇಟ್ಟು ಅಡಿಗೆರೆ ಬೇರೆ ಎಳೆದಿದ್ದ. ಒಂದು ವರ್ಷದ ಲೆಕ್ಕ, ಇನ್ನೊಂದು ಶೇಕಡಾ ಲೆಕ್ಕ. ಎರಡು ಕಿಲೋ ಬಂಗುಡೆಗೆ ಮೂರು ಅಟ್ಟೆ ಮಲ್ಲಿಗೆ ಕೂಡಿಸಿ ಐದು ಎಂದ ಹಾಗೆ!

ನಾನು ಜಗಲಿಯಲ್ಲಿ ಕೊಡುವ ಪ್ರಶ್ನೆ ಇದು. ದೇಶಗಳೆರಡೂ ಕಾಲ್ಪನಿಕ.

ಅ ದೇಶ: ತಲಾ ಆದಾಯ 9,000 ಡಾಲರ್. ಜೀವಿತಾವಧಿ 64 ವರ್ಷ. ಶಿಶುಮರಣ ಸಾವಿರಕ್ಕೆ 100. ಸಾಕ್ಷರತೆ ಶೇ 72 (ಗಂಡಸರು 82, ಹೆಂಗಸರು 62).

ಬ ದೇಶ: ತಲಾ ಆದಾಯ 6,000 ಡಾಲರ್. ಜೀವಿತಾವಧಿ 74 ವರ್ಷ. ಶಿಶುಮರಣ ಸಾವಿರಕ್ಕೆ 10. ಸಾಕ್ಷರತೆ ಶೇ 91 (ಗಂಡಸರು 92, ಹೆಂಗಸರು 90).

1. ಮೊದಲು ತಲೆಬರಹ ಓದಿ

ಯಾವ ಕಾಲಂ ವರ್ಷದಲ್ಲಿದೆ, ಯಾವುದು ಶೇಕಡಾ, ಯಾವುದು ಸಾವಿರಕ್ಕೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಅಂಕಿಗಳು ಯಾವ ಇಸವಿಯವು ಎಂದೂ ನೋಡಿ.

2. ಆದಾಯಕ್ಕೆ ಒಂದೇ ಸಾಲು

ಅ ದೇಶದ ಆದಾಯ ಜಾಸ್ತಿ. ಆದರೆ ಅದು ಸರಾಸರಿ, ಯಾರ ಕೈಯಲ್ಲಿ ಎಷ್ಟು ಉಂಟು ಎಂದು ಹೇಳುವುದಿಲ್ಲ. ಇಷ್ಟು ಬರೆದು ಮುಂದೆ ಹೋಗಿ. ಮಕ್ಕಳು ಇಲ್ಲೇ ಅರ್ಧ ಪುಟ ತುಂಬಿಸುತ್ತಾರೆ, ಅದು ದಂಡ.

3. ಜೀವಿತಾವಧಿ: ಎಲ್ಲರೂ ಎಡವುವುದು ಇಲ್ಲೇ

ಹತ್ತರಲ್ಲಿ ಎಂಟು ಮಕ್ಕಳು ‘ಅ ದೇಶದ ಜನರು 64ನೇ ವರ್ಷಕ್ಕೆ ಸಾಯುತ್ತಾರೆ’ ಎಂದು ಬರೆಯುತ್ತಾರೆ. ತಪ್ಪು. ಈ ತಪ್ಪು ಒಮ್ಮೆ ತಲೆಯಲ್ಲಿ ಕೂತರೆ ಮುಂದಿನ ಕಾರಣಗಳೂ ಹಾಳು. ಅಲ್ಲಿ ವೃದ್ಧಾಶ್ರಮ ಇಲ್ಲ, ವಯಸ್ಸಾದವರಿಗೆ ಔಷಧ ಇಲ್ಲ ಎಂದೆಲ್ಲ ಶುರುವಾಗುತ್ತದೆ.

ಜೀವಿತಾವಧಿಯನ್ನು ಲೆಕ್ಕ ಹಾಕುವುದು ಹೀಗೆ. ಒಂದು ವರ್ಷದಲ್ಲಿ ಯಾವ ಯಾವ ವಯಸ್ಸಿನವರು ಎಷ್ಟು ಪ್ರಮಾಣದಲ್ಲಿ ಸತ್ತರು ಎಂಬ ಪಟ್ಟಿ ಮಾಡುತ್ತಾರೆ. ಈಗ ಹುಟ್ಟಿದ ಮಗು ಜೀವನವಿಡೀ ಇದೇ ಪ್ರಮಾಣದ ಸಾವುಗಳ ನಡುವೆ ಬದುಕಿದರೆ ಸರಾಸರಿ ಎಷ್ಟು ವರ್ಷ ಬಾಳೀತು ಎಂದು ಆ ಪಟ್ಟಿಯಿಂದ ತೆಗೆಯುತ್ತಾರೆ. ಈ ಸರಾಸರಿಯಲ್ಲಿ ತೊಟ್ಟಿಲಲ್ಲೇ ಹೋದ ಮಗುವೂ ಒಂದು, ತೊಂಬತ್ತು ದಾಟಿದ ಅಜ್ಜಿಯೂ ಒಂದು.

ಬಾಯಲ್ಲಿ ಹೇಳಿದರೆ ಮಕ್ಕಳ ತಲೆಗೆ ಹೋಗುವುದಿಲ್ಲ. ನಾನು ಅಟ್ಟದಿಂದ ಚೆನ್ನೆಮಣೆ ಇಳಿಸಿ ಹತ್ತು ಬೀಜ ಜಗಲಿಯ ಮೇಲೆ ಸಾಲಾಗಿ ಇಡುತ್ತೇನೆ. ಇವು ಅ ದೇಶದಲ್ಲಿ ಹುಟ್ಟಿದ ಹತ್ತು ಮಕ್ಕಳು. ಶಿಶುಮರಣ ಸಾವಿರಕ್ಕೆ 100 ಅಂದರೆ ಹತ್ತರಲ್ಲಿ ಒಂದು ಮಗು ಮೊದಲ ಹುಟ್ಟುಹಬ್ಬದ ಒಳಗೇ ಹೋಯಿತು. ಒಂದು ಬೀಜವನ್ನು ಆಚೆ ಸರಿಸಿ, ಅದರ ಲೆಕ್ಕಕ್ಕೆ ಸೊನ್ನೆ ವರ್ಷ ಹಾಕಿ. ಉಳಿದ ಒಂಬತ್ತೂ ಸರಾಸರಿ 71 ವರ್ಷ ಬದುಕಿದವು ಎಂದು ಇಟ್ಟುಕೊಳ್ಳಿ. ಒಂಬತ್ತು ಎಪ್ಪತ್ತೊಂದಲೆ 639. ಅದನ್ನು ಒಂಬತ್ತರಿಂದಲ್ಲ, ಹುಟ್ಟಿದ ಹತ್ತರಿಂದ ಭಾಗಿಸಬೇಕು. ಬಂದದ್ದು 63.9. ಅದೇ ನಮ್ಮ 64!

ಈಗ ಬ ದೇಶ. ಅಲ್ಲಿ ನೂರು ಮಕ್ಕಳಲ್ಲಿ ಒಂದು ಹೋಯಿತು. ಉಳಿದ 99 ಮಂದಿ ಸರಾಸರಿ 75 ವರ್ಷ ಬದುಕಿದರು. ಒಟ್ಟು 7,425. ನೂರರಿಂದ ಭಾಗಿಸಿದರೆ 74 ಚಿಲ್ಲರೆ.

ಎರಡು ದೇಶಗಳ ನಡುವೆ ಹತ್ತು ವರ್ಷದ ಅಂತರ ಕಾಣುತ್ತದೆ, ಅಲ್ವಾ? ಆದರೆ ಮೊದಲ ವರ್ಷ ದಾಟಿ ಉಳಿದುಕೊಂಡವರನ್ನು ಮಾತ್ರ ನೋಡಿದರೆ ಒಂದು ಕಡೆ 71, ಇನ್ನೊಂದು ಕಡೆ 75. ನಾಲ್ಕೇ ವರ್ಷ. ಬಾಕಿ ಆರು ವರ್ಷವನ್ನು ನುಂಗಿದ್ದು ಆಚೆ ಸರಿಸಿದ ಆ ಒಂದು ಬೀಜ. ನಿಜವಾದ ಪಟ್ಟಿಯಲ್ಲಿ ಸಾವುಗಳು ಎಲ್ಲ ವಯಸ್ಸಿಗೂ ಹಂಚಿರುತ್ತವೆ, ಲೆಕ್ಕ ಇಷ್ಟು ಸಲೀಸಲ್ಲ. ಆದರೆ ನಡೆಯುವುದು ಇದೇ.

ಇದರಿಂದ ಒಂದು ವಿಚಿತ್ರವೂ ಹುಟ್ಟುತ್ತದೆ. ಅ ದೇಶದ ಮಗು ಹುಟ್ಟಿದಾಗ ಅದರ ಮುಂದೆ 64 ವರ್ಷ. ಒಂದು ವರ್ಷ ದಾಟಿದ ಮೇಲೆ? 71ರಲ್ಲಿ ಒಂದು ಕಳೆದು 70. ವರ್ಷ ಕಳೆದರೂ ಬಾಕಿ ಜಾಸ್ತಿಯಾಯಿತು! ಶಿಶುಮರಣ ಹೆಚ್ಚಿರುವ ಕಡೆಗಳ ಪಟ್ಟಿಯಲ್ಲಿ ಇದು ನಿಜಕ್ಕೂ ಹೀಗೇ ಕಾಣುತ್ತದೆ.

ಇದನ್ನು ಹೇಳಿದ ದಿನ ಒಬ್ಬಳು ಕೇಳಿದಳು, “ಟೀಚರ್, ಹಾಗಾದರೆ ನಮ್ಮ ಅಜ್ಜಿ ಎಂತ? ಅವರಿಗೆ 91 ಆಯ್ತಲ್ಲ?” ಆ ಅಜ್ಜಿ ಹುಟ್ಟಿದ ಕಾಲಕ್ಕೆ ಭಾರತದ ಜೀವಿತಾವಧಿ 32ರ ಆಸುಪಾಸು. ಹಾಗೆಂದು ಆಗ ಊರಲ್ಲಿ ಮುದುಕರೇ ಇರಲಿಲ್ಲವೇ? ಇದ್ದರು. “ನಿನ್ನ ಅಜ್ಜಿ ಹೆತ್ತದ್ದು ಎಷ್ಟು, ಉಳಿದದ್ದು ಎಷ್ಟು, ಕೇಳಿಕೊಂಡು ಬಾ” ಎಂದೆ. ಮರುದಿನ ಬಂದು ಹೇಳಿದಳು, “ಎಂಟು ಹೆತ್ತದ್ದಂತೆ ಟೀಚರ್, ಐದು ಉಳಿದದ್ದು.” ನಾನು ಎಂಟು ಬೀಜ ಇಟ್ಟು ಮೂರನ್ನು ಸರಿಸಿದೆ. ಮತ್ತೆ ವಿವರಿಸಬೇಕಾಗಲಿಲ್ಲ.

ಇಸವಿ ನೋಡಿ ಎಂದು ಮೊದಲೇ ಹೇಳಿದ್ದಕ್ಕೂ ಕಾರಣ ಈ ಲೆಕ್ಕದಲ್ಲೇ ಉಂಟು. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿಗಳಲ್ಲಿ ಭಾರತದ ಜೀವಿತಾವಧಿ 2021ಕ್ಕೆ 67.2 ಎಂದಿದೆ, 2023ಕ್ಕೆ 72. ಎರಡು ವರ್ಷದಲ್ಲಿ ನಮ್ಮ ಆಯುಸ್ಸು ಐದು ವರ್ಷ ಬೆಳೆಯಿತೇ? ಇಲ್ಲ. 2021 ಕೋವಿಡ್ ವರ್ಷ, ಆ ವರ್ಷದ ಸಾವುಗಳೇ ಆ ಅಂಕಿಯಲ್ಲಿ ಕೂತಿವೆ. ಒಂದು ದೇಶದ್ದು 2021ರ ಅಂಕಿ, ಇನ್ನೊಂದರದ್ದು 2023ರದ್ದು ಇಟ್ಟು ಹೋಲಿಸಿದರೆ ಉತ್ತರ ಸುಳ್ಳಾಗುತ್ತದೆ. ಅಗ್ಗದ ಮಾದರಿ ಪ್ರಶ್ನೆಪತ್ರಿಕೆಗಳಲ್ಲಿ ಇಸವಿಯನ್ನೇ ಹಾಕಿರುವುದಿಲ್ಲ. ಅಂಥದ್ದನ್ನು ನಾನು ಮಕ್ಕಳಿಗೆ ಕೊಡುವುದೇ ಇಲ್ಲ.

ಆದರೆ ಎಲ್ಲ ಕಡೆ ಶಿಶುಮರಣದ ಕಾರಣ ಅಂಟಿಸಬೇಡಿ. ಎರಡೂ ದೇಶಗಳ ಅಂಕಿ 75 ದಾಟಿದ್ದರೆ ಕಥೆ ಬೇರೆ. ಅಮೆರಿಕದ ತಲಾ ಆದಾಯ ಜಪಾನಿಗಿಂತ ಎಷ್ಟೋ ಜಾಸ್ತಿ. ಆದರೂ ಜಪಾನಿನ ಜೀವಿತಾವಧಿ ಸುಮಾರು 84, ಅಮೆರಿಕದ್ದು 80ರ ಒಳಗೆ. ಎರಡೂ ಕಡೆ ಶಿಶುಮರಣ ಕಡಿಮೆಯೇ. ಅಮೆರಿಕದ ಅಂಕಿಯನ್ನು ಹೆಚ್ಚಾಗಿ ಕೆಳಗೆಳೆಯುವುದು ದೊಡ್ಡವರ ಸಾವು: ಹೃದಯದ ಕಾಯಿಲೆ, ಮಾದಕ ವಸ್ತು, ಬಂದೂಕು.

4. ಸಾಕ್ಷರತೆ: ಇದು ಮಕ್ಕಳ ಅಂಕಿಯಲ್ಲ

ಜೀವಿತಾವಧಿ ಎಂದರೆ ಮುದುಕರ ವಿಷಯ ಅನ್ನಿಸುತ್ತದೆ, ಆದರೆ ಅದನ್ನು ಅಲುಗಾಡಿಸುವುದು ಕೂಸುಗಳು. ಸಾಕ್ಷರತೆಯಲ್ಲಿ ಇದರ ಉಲ್ಟಾ. ಶಾಲೆ ಮಕ್ಕಳ ವಿಷಯ ಅನ್ನಿಸುತ್ತದೆ, ಆದರೆ ಅಂಕಿ ಹಿಡಿದುಕೊಂಡಿರುವುದು ಹಿರಿಯರನ್ನು.

ನಮ್ಮ ಜನಗಣತಿಯಲ್ಲಿ 7 ವರ್ಷ ತುಂಬಿದ, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರು ಸಾಕ್ಷರರು. ಬರೀ ಸಹಿ ಹಾಕಲು ಬಂದರೆ ಸಾಲದು. 2011ರ ಗಣತಿಯಲ್ಲಿ ಉಡುಪಿ ಜಿಲ್ಲೆ ಸುಮಾರು ಶೇ 86, ದಕ್ಷಿಣ ಕನ್ನಡ ಸುಮಾರು ಶೇ 88. ‘ನಮ್ಮೂರಲ್ಲಿ ಶಾಲೆಗೆ ಹೋಗದ ಮಕ್ಕಳೇ ಇಲ್ಲ, ಮತ್ತೆ ನೂರು ಯಾಕಿಲ್ಲ?’ ಎಂದು ಮಕ್ಕಳು ಕೇಳುತ್ತಾರೆ. ಉಳಿದವರಲ್ಲಿ ಹೆಚ್ಚಿನವರು ಶಾಲೆ ಸಿಗದ ಕಾಲದ ಅಜ್ಜ ಅಜ್ಜಿಯರು. ಬೀಡಿ ಕಟ್ಟಿ ಕಟ್ಟಿನ ಲೆಕ್ಕ ಬಾಯಲ್ಲೇ ಹೇಳುವ, ಆದರೆ ಹೆಬ್ಬೆಟ್ಟು ಒತ್ತುವ ಅಜ್ಜಿಯನ್ನು ನೀವೂ ನೋಡಿರುತ್ತೀರಿ.

ಅ ದೇಶದ 72 ಹೇಗೆ ಬಂದಿರಬಹುದು ನೋಡಿ. ನೂರು ಜನರಲ್ಲಿ 30 ಮಂದಿ ಶಾಲೆಯ ವಯಸ್ಸಿನವರು, ಎಲ್ಲರಿಗೂ ಓದು ಬರುತ್ತದೆ. ಉಳಿದ 70 ಹಿರಿಯರಲ್ಲಿ 42 ಮಂದಿಗೆ ಬರುತ್ತದೆ. ಒಟ್ಟು 72. ಅಂದರೆ ಒಂದು ಮಗುವೂ ಶಾಲೆ ತಪ್ಪಿಸದ ದೇಶದಲ್ಲೂ ಸಾಕ್ಷರತೆ 72 ಇರಬಹುದು! ಹಾಗಾಗಿ ‘ಅ ದೇಶದಲ್ಲಿ ಶೇ 28ರಷ್ಟು ಮಕ್ಕಳು ಶಾಲೆಗೆ ಹೋಗುತ್ತಿಲ್ಲ’ ಎಂದು ಬರೆಯಬೇಡಿ. ಮಕ್ಕಳ ಬಗ್ಗೆ ಹೇಳಬೇಕಾದರೆ ದಾಖಲಾತಿಯ ಅಂಕಿ ಬೇಕು.

ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ವಯಸ್ಕರ ಸಾಕ್ಷರತೆಗೆ 15 ವರ್ಷ ಮೇಲ್ಪಟ್ಟವರನ್ನು ಮಾತ್ರ ಎಣಿಸುತ್ತಾರೆ. ಒಂದು ದೇಶಕ್ಕೆ 7ರ ಲೆಕ್ಕ, ಇನ್ನೊಂದಕ್ಕೆ 15ರ ಲೆಕ್ಕ ಇಟ್ಟು ಹೋಲಿಸಬಾರದು.

ಗೈಡುಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಮಾನವ ಅಭಿವೃದ್ಧಿ ಸೂಚ್ಯಂಕ 1990ರಲ್ಲಿ ಶುರುವಾದಾಗ ಅದರಲ್ಲಿ ಸಾಕ್ಷರತೆ ಇತ್ತು. 2010ರಿಂದ ಅದನ್ನು ಬಿಟ್ಟು, ದೊಡ್ಡವರು ಸರಾಸರಿ ಎಷ್ಟು ವರ್ಷ ಶಾಲೆ ಕಲಿತಿದ್ದಾರೆ, ಈಗಿನ ಮಗು ಎಷ್ಟು ವರ್ಷ ಕಲಿತೀತು ಎಂಬ ಎರಡನ್ನು ತೆಗೆದುಕೊಳ್ಳುತ್ತಾರೆ. ಹಳೆಯ ಗೈಡನ್ನೇ ಹೊಸ ರಟ್ಟು ಹಾಕಿ ಮಾರುವವರು ಇನ್ನೂ ಸಾಕ್ಷರತೆ ಎಂದೇ ಅಚ್ಚು ಹಾಕುತ್ತಿದ್ದಾರೆ. ದುಡ್ಡು ದಂಡ, ಪಠ್ಯಪುಸ್ತಕ ಸಾಕು.

5. ಎರಡು ಕಾಲಂಗಳನ್ನು ಸೇರಿಸುವ ಕೊಂಡಿ

ಅದು ಹೆಂಗಸರ ಸಾಕ್ಷರತೆ. ಅ ದೇಶದಲ್ಲಿ ಗಂಡು ಹೆಣ್ಣಿನ ನಡುವೆ 20 ಅಂಶಗಳ ಅಂತರ, ಬ ದೇಶದಲ್ಲಿ ಬರೀ 2. ಲಸಿಕೆ ಕಾರ್ಡಿನ ತಾರೀಕು ಓದಬಲ್ಲ, ಭೇದಿಯಾದಾಗ ಓಆರ್‌ಎಸ್ ಪೊಟ್ಟಣದ ಮೇಲಿನದ್ದನ್ನು ಓದಿ ನೀರಿಗೆ ಬೆರೆಸಬಲ್ಲ ತಾಯಿ ಇದ್ದಲ್ಲಿ ಕೂಸು ಉಳಿಯುವುದು ಜಾಸ್ತಿ. ತಲಪಾಡಿ ದಾಟಿದರೆ ಸಿಗುವ ಕೇರಳವನ್ನೇ ನೋಡಿ. 2020ರ ಸರಕಾರಿ ಲೆಕ್ಕದಲ್ಲಿ ಶಿಶುಮರಣ ದೇಶಕ್ಕೆ ಸಾವಿರಕ್ಕೆ 28 ಇದ್ದಾಗ ಅಲ್ಲಿ 6. ಹೆಂಗಸರ ಸಾಕ್ಷರತೆಯಲ್ಲೂ ಆ ರಾಜ್ಯವೇ ಮುಂದೆ. ಆದರೆ ‘ಇದರಿಂದಲೇ’ ಎಂದು ಬರೆಯಬೇಡಿ, ‘ಇದೂ ಒಂದು ಕಾರಣ ಇರಬಹುದು’ ಎನ್ನಿ. ಆಸ್ಪತ್ರೆ, ನೀರು, ಆಹಾರದ ಅಂಕಿ ನಿಮ್ಮ ಪಟ್ಟಿಯಲ್ಲಿ ಇಲ್ಲವಲ್ಲ.

6. ಬರೆಯುವುದು

ಪಟ್ಟಿಯನ್ನು ಮತ್ತೆ ನಕಲು ಮಾಡಬೇಡಿ. ನಾಲ್ಕೈದು ವಾಕ್ಯ ಸಾಕು. ನಾನು ಬರೆಸುವುದು ಹೀಗೆ:

“ಅ ದೇಶದ ತಲಾ ಆದಾಯ ಹೆಚ್ಚಾಗಿದ್ದರೂ ಮಾನವ ಅಭಿವೃದ್ಧಿಯಲ್ಲಿ ಬ ದೇಶ ಮುಂದಿದೆ. ಬ ದೇಶದ ಜೀವಿತಾವಧಿ 10 ವರ್ಷ ಹೆಚ್ಚು. ಅ ದೇಶದಲ್ಲಿ ಸಾವಿರಕ್ಕೆ 100 ಶಿಶುಗಳು ಸಾಯುವುದರಿಂದ ಅಲ್ಲಿನ ಸರಾಸರಿ ಕೆಳಗಿಳಿದಿದೆ. ಅ ದೇಶದ ಪುರುಷ ಮತ್ತು ಮಹಿಳಾ ಸಾಕ್ಷರತೆಯ ನಡುವೆ 20 ಅಂಶಗಳ ಅಂತರವಿದ್ದು, ಹೆಚ್ಚಿನ ಶಿಶುಮರಣಕ್ಕೆ ಇದೂ ಒಂದು ಕಾರಣ ಇರಬಹುದು. ಹೆಚ್ಚಿನ ಆದಾಯವು ಅ ದೇಶದಲ್ಲಿ ಎಲ್ಲರ ಆರೋಗ್ಯ ಮತ್ತು ಶಿಕ್ಷಣಕ್ಕೆ ತಲುಪಿದಂತೆ ಕಾಣುವುದಿಲ್ಲ.”

ಬರೆದಾದ ಮೇಲೆ ಒಮ್ಮೆ ಕಣ್ಣಾಡಿಸಿ. ಜೀವಿತಾವಧಿಯ ಮುಂದೆ ‘ಶೇ’ ಎಂದು ಬಿದ್ದಿದ್ದರೆ ಹೊಡೆದುಹಾಕಿ.