ಬಾಗಿಲು ತೆರೆಯೋರು ಯಾರು? ಒಂದು ಹೃದಯಬಡಿತವನ್ನು ನಾನು ಪಾಠ ಮಾಡುವ ರೀತಿ

ಮೊದಲ ವರ್ಷದವರಿಗೆ ಹೃದಯದ ಪಾಠ ಮಾಡಲು ಶುರು ಮಾಡಿದ ಹೊಸದರಲ್ಲಿ ಪುಸ್ತಕದ ಆ ದೊಡ್ಡ ಚಿತ್ರವನ್ನು ಇಡಿಯಾಗಿ ಬೋರ್ಡಿನ ಮೇಲೆ ಬರೆದುಬಿಡುತ್ತಿದ್ದೆ. ಒತ್ತಡದ ಮೂರು ಗೆರೆ, ರಕ್ತದ ಪ್ರಮಾಣದ ಗೆರೆ, ಇಸಿಜಿ, ಹೃದಯದ ಶಬ್ದಗಳು, ಎಲ್ಲವೂ ಒಂದರ ಕೆಳಗೊಂದು. ಮಕ್ಕಳು ಅಚ್ಚುಕಟ್ಟಾಗಿ ನಕಲು ಮಾಡಿಕೊಳ್ಳುತ್ತಿದ್ದರು. ಆಮೇಲೆ ಒಂದು ಸಣ್ಣ ಪ್ರಶ್ನೆ ಕೇಳುತ್ತಿದ್ದೆ: "ಎಡ ವೆಂಟ್ರಿಕಲ್ ಹಿಂಡಲು ಶುರು ಮಾಡಿದ ಆ ಕ್ಷಣದಲ್ಲಿ ಅಯೋರ್ಟಿಕ್ ವಾಲ್ವ್ ತೆರೆದಿದೆಯೋ, ಮುಚ್ಚಿದೆಯೋ?" ವೆಂಟ್ರಿಕಲ್ ಅಂದರೆ ಹೃದಯದ ಕೆಳಗಿನ ಕೋಣೆ, ಅಯೋರ್ಟಿಕ್ ವಾಲ್ವ್ ಅಂದರೆ ಅಲ್ಲಿಂದ ಮಹಾಪಧಮನಿಗೆ ರಕ್ತ ಹೋಗುವ ಬಾಗಿಲು. ತರಗತಿಯ ಮುಕ್ಕಾಲು ಭಾಗ ತೆರೆದಿದೆ ಅಂತಲೇ ಹೇಳುತ್ತಿತ್ತು. ಹಿಂಡಿದರೆ ರಕ್ತ ಹೊರಗೆ ಹೋಗಲೇಬೇಕು, ಅಲ್ವಾ ಸರ್?

ಹೋಗುವುದಿಲ್ಲ. ಆ ಹೊತ್ತಿಗೆ ನಾಲ್ಕೂ ಬಾಗಿಲು ಮುಚ್ಚಿರುತ್ತವೆ. ಈ ಒಂದು ವಿಷಯ ಅರ್ಥವಾದರೆ ಉಳಿದದ್ದು ತಾನಾಗಿ ಜೋಡಿಕೊಳ್ಳುತ್ತದೆ ಅಂತ ನನಗೆ ಹೊಳೆಯಲು ಎರಡು ವರ್ಷ ಬೇಕಾಯಿತು.

ಈಗ ನಾನು ದೊಡ್ಡ ಚಿತ್ರ ಬರೆಯುವುದಿಲ್ಲ. ಪ್ರತಿಯೊಬ್ಬರಿಗೂ 8 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿ ಕತ್ತರಿಸಿಕೊಳ್ಳಲು ಹೇಳುತ್ತೇನೆ. ನಿಮಿಷಕ್ಕೆ 75 ಬಾರಿ ಬಡಿಯುವ ಹೃದಯಕ್ಕೆ ಒಂದು ಬಡಿತ 0.8 ಸೆಕೆಂಡು. ಹಾಗಾಗಿ ಒಂದು ಸೆಂಟಿಮೀಟರ್ ಅಂದರೆ 0.1 ಸೆಕೆಂಡು. ಮೊದಲ ಒಂದು ಸೆಂಟಿಮೀಟರ್‌ನಲ್ಲಿ ಮೇಲಿನ ಕೋಣೆಗಳು, ಅಂದರೆ ಏಟ್ರಿಯಂಗಳು ಹಿಂಡುತ್ತವೆ. ಮುಂದಿನ ಮೂರು ಸೆಂಟಿಮೀಟರ್ ಕೆಳಗಿನ ವೆಂಟ್ರಿಕಲ್‌ಗಳದ್ದು. ಉಳಿದ ನಾಲ್ಕರಲ್ಲಿ ಯಾರೂ ಹಿಂಡುವುದಿಲ್ಲ. ಹೃದಯ ಅರ್ಧ ಹೊತ್ತು ಸುಮ್ನೆ ಇರುತ್ತದೆ ಅಂತ ಪಟ್ಟಿ ನೋಡಿದ ಮೇಲೇ ಹಲವರಿಗೆ ಗೊತ್ತಾಗುವುದು.

ಆಮೇಲೆ ಎಡಭಾಗವನ್ನು ಮಾತ್ರ ಹಿಡಿದುಕೊಂಡು ಹೋಗುತ್ತೇವೆ. ಪ್ರತಿ ಹೆಜ್ಜೆಗೂ ಒಂದೇ ಪ್ರಶ್ನೆ: ಬಾಗಿಲಿನ ಯಾವ ಬದಿಯಲ್ಲಿ ಒತ್ತಡ ಜಾಸ್ತಿ? ವಾಲ್ವ್‌ಗೆ ತೆರೆಯುವ ಸ್ನಾಯು ಇಲ್ಲ, ಅದಕ್ಕೆ ಯಾರೂ ಆಜ್ಞೆ ಕೊಡುವುದೂ ಇಲ್ಲ. ಹಿಂದಿನಿಂದ ಒತ್ತಿದರೆ ತೆರೆಯುತ್ತದೆ, ಮುಂದಿನಿಂದ ಒತ್ತಿದರೆ ಮುಚ್ಚುತ್ತದೆ. ಏಟ್ರಿಯಂ ಮತ್ತು ವೆಂಟ್ರಿಕಲ್ ನಡುವಿನ ಮೈಟ್ರಲ್ ವಾಲ್ವ್‌ಗೆ ಕಟ್ಟಿದ ದಾರಗಳು ಅದನ್ನು ಎಳೆದು ತೆರೆಯುತ್ತವೆ ಅಂತ ವಿದ್ಯಾರ್ಥಿಯಾಗಿದ್ದಾಗ ನಾನೂ ನಂಬಿದ್ದೆ. ಅವುಗಳ ಕೆಲಸವೇ ಬೇರೆ. ಮುಚ್ಚಿದ ಬಾಗಿಲು ಒತ್ತಡಕ್ಕೆ ಏಟ್ರಿಯಂ ಕಡೆಗೆ ಮಗುಚಿಕೊಳ್ಳದಂತೆ ಅವು ಹಿಡಿದಿಡುತ್ತವೆ.

ಏಟ್ರಿಯಂ ಹಿಂಡುವ ಮೊದಲೇ ವೆಂಟ್ರಿಕಲ್‌ನಲ್ಲಿ ಸುಮಾರು 100 ಮಿಲಿ ರಕ್ತ ಇರುತ್ತದೆ. ಮೈಟ್ರಲ್ ಬಾಗಿಲು ತೆರೆದೇ ಇತ್ತು, ರಕ್ತ ತಾನಾಗಿ ಇಳಿದಿತ್ತು. ಏಟ್ರಿಯಂ ಹಿಂಡಿ ಇನ್ನೊಂದು 20 ಮಿಲಿ ಸೇರಿಸುತ್ತದೆ. ಒಟ್ಟು 120. ಏಟ್ರಿಯಂ ಹಿಂಡುವುದರಿಂದಲೇ ವೆಂಟ್ರಿಕಲ್ ತುಂಬುತ್ತದೆ ಅಂತ ಬರೆದವರ ಅಂಕ ನಾನು ಇಲ್ಲೇ ಕಳೆಯುವುದು.

ಈಗ ವೆಂಟ್ರಿಕಲ್ ಹಿಂಡುತ್ತದೆ. ಒಳಗಿನ ಒತ್ತಡ ಸ್ವಲ್ಪ ಏರಿದರೂ ಸಾಕು, ಏಟ್ರಿಯಂನ ಒತ್ತಡವನ್ನು ದಾಟುತ್ತದೆ. ಮೈಟ್ರಲ್ ಮುಚ್ಚುತ್ತದೆ. ಸ್ಟೆತಸ್ಕೋಪಿನಲ್ಲಿ ಕೇಳುವ ಮೊದಲ "ಲಬ್" ಈ ಹೊತ್ತಿನದು. ಆಚೆ ಮಹಾಪಧಮನಿಯಲ್ಲಿ ಒತ್ತಡ ಇನ್ನೂ 80 ಮಿಮೀ ಪಾದರಸ ಇದೆ. ಆ ಬಾಗಿಲನ್ನು ತಳ್ಳಲು ಒಳಗೆ 80ಕ್ಕಿಂತ ಜಾಸ್ತಿ ಬೇಕು. ಪಟ್ಟಿಯ ಮೇಲೆ ಇದು ಬರೀ ಅರ್ಧ ಸೆಂಟಿಮೀಟರ್. ಅಷ್ಟರಲ್ಲಿ ಒತ್ತಡ ಸುಮಾರು 10ರಿಂದ 80ಕ್ಕೆ ಏರುತ್ತದೆ, ರಕ್ತ ಮಾತ್ರ 120 ಮಿಲಿಯೇ. ಒಂದು ಹನಿಯೂ ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ. ಈ ಅರ್ಧ ಸೆಂಟಿಮೀಟರಿಗೆ ಕೆಂಪು ಬಣ್ಣ ಹಚ್ಚಿಸುತ್ತೇನೆ.

80 ದಾಟಿದ ಕ್ಷಣ ಅಯೋರ್ಟಿಕ್ ತೆರೆಯುತ್ತದೆ. ಒತ್ತಡ 120ರವರೆಗೆ ಏರುತ್ತದೆ, 70 ಮಿಲಿ ಹೊರಗೆ ಹೋಗುತ್ತದೆ, 50 ಒಳಗೇ ಉಳಿಯುತ್ತದೆ. "ಪೂರ್ತಿ ಖಾಲಿ ಆಗಲ್ವಾ ಸರ್?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆಗುವುದಿಲ್ಲ. ಆರೋಗ್ಯವಂತ ಹೃದಯ ಕೂಡ ಇಷ್ಟನ್ನು ಉಳಿಸಿಕೊಳ್ಳುತ್ತದೆ.

ಈ ಹಂತದ ಕೊನೆಯಲ್ಲಿ ನನ್ನ ನಿಯಮ ಸ್ವಲ್ಪ ಬಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ವೆಂಟ್ರಿಕಲ್ ಸಡಿಲವಾಗುತ್ತಾ ಅದರ ಒತ್ತಡ ಮಹಾಪಧಮನಿಗಿಂತ ತುಸು ಕೆಳಗೆ ಇಳಿದ ಮೇಲೂ ರಕ್ತ ಸ್ವಲ್ಪ ಹೊತ್ತು ಹೊರಗೇ ಹರಿಯುತ್ತದೆ. ಓಡುತ್ತಿದ್ದ ರಕ್ತಕ್ಕೆ ತನ್ನದೇ ವೇಗ ಇರುತ್ತದಲ್ಲ. ಆ ವೇಗ ಮುಗಿದು ರಕ್ತ ಹಿಂದಕ್ಕೆ ತಿರುಗಲು ಹೊರಟಾಗ ಬಾಗಿಲು ಮುಚ್ಚಿಕೊಳ್ಳುತ್ತದೆ. ಅದು "ಡಬ್".

ಈಗ ಮತ್ತೆ ನಾಲ್ಕೂ ಬಾಗಿಲು ಮುಚ್ಚಿವೆ. ಒಳಗಿನ 50 ಮಿಲಿ ಹಾಗೇ ಇದೆ, ಒತ್ತಡ ಮಾತ್ರ ಸುಮಾರು 100ರಿಂದ ಹತ್ತಕ್ಕಿಂತ ಕೆಳಗೆ ಬೀಳುತ್ತದೆ. ಇದಕ್ಕೂ ಪಟ್ಟಿಯಲ್ಲಿ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಜಾಗ, ಇದಕ್ಕೂ ಕೆಂಪು ಬಣ್ಣ. ಇಷ್ಟು ಹೊತ್ತೂ ಮೈಟ್ರಲ್ ಮುಚ್ಚಿತ್ತು, ಆದರೆ ಶ್ವಾಸಕೋಶದಿಂದ ರಕ್ತ ಬರುತ್ತಲೇ ಇತ್ತು. ಅದೆಲ್ಲ ಏಟ್ರಿಯಂನಲ್ಲಿ ತುಂಬಿ ಕಾದಿದೆ. ವೆಂಟ್ರಿಕಲ್‌ನ ಒತ್ತಡ ಅದಕ್ಕಿಂತ ಕೆಳಗೆ ಬಿದ್ದ ಕೂಡಲೇ ಮೈಟ್ರಲ್ ತೆರೆದು ರಕ್ತ ನುಗ್ಗುತ್ತದೆ. ತುಂಬುವ ಕೆಲಸದ ದೊಡ್ಡ ಪಾಲು ಈ ಮೊದಲ ನುಗ್ಗಿನಲ್ಲೇ ಮುಗಿಯುತ್ತದೆ. ಆಮೇಲೆ ಬಹಳ ನಿಧಾನ, ಮತ್ತೆ ಏಟ್ರಿಯಂ ಹಿಂಡುವ ತನಕ.

ಬಲಭಾಗದ್ದೂ ಇದೇ ಕಥೆ, ಬಾಗಿಲುಗಳ ಹೆಸರು ಬೇರೆ: ಮೇಲೆ ಟ್ರೈಕಸ್ಪಿಡ್, ಹೊರಗೆ ಪಲ್ಮನರಿ. ಒತ್ತಡ ಕಡಿಮೆ, 25ರ ಆಸುಪಾಸು ಸಾಕು. ಒತ್ತಡ ಕಡಿಮೆ ಅಂದಮೇಲೆ ರಕ್ತವೂ ಕಡಿಮೆ ಹೋಗುತ್ತದೆ ಅಂತ ಹಲವರು ಬರೆಯುತ್ತಾರೆ. ಹಾಗಿಲ್ಲ. ಬಲದಿಂದಲೂ ಸರಾಸರಿ ಅದೇ 70 ಮಿಲಿ. ಇಲ್ಲದಿದ್ದರೆ ಕೆಲವೇ ನಿಮಿಷಗಳಲ್ಲಿ ರಕ್ತ ಒಂದು ಕಡೆ ಬಂದು ಕೂತುಬಿಡುತ್ತಿತ್ತು.

ಪಟ್ಟಿ ಮುಗಿದ ಮೇಲೆ ಒಂದು ಪ್ರಶ್ನೆ ಹಾಕುತ್ತೇನೆ. ಮೈಟ್ರಲ್ ಸರಿಯಾಗಿ ಮುಚ್ಚದಿದ್ದರೆ ಪಟ್ಟಿಯಲ್ಲಿ ಮೊದಲು ಏನು ಕೆಡುತ್ತದೆ? ಕಳೆದ ಬಾರಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತುಂಬಾ ಹೊತ್ತು ತನ್ನ ಪಟ್ಟಿಯನ್ನೇ ನೋಡುತ್ತಿದ್ದಳು. "ಮೊದಲನೇ ಕೆಂಪು ಗೆರೆನೇ ಸುಳ್ಳಾಗುತ್ತೆ ಸರ್" ಅಂದಳು. ಯಾಕೆ ಅಂದೆ. "ಬಾಗಿಲು ಸೋರ್ತಾ ಇದ್ದರೆ 120 ಮಿಲಿ 120 ಆಗಿ ಉಳಿಯಲ್ಲ. ಅಯೋರ್ಟಿಕ್ ತೆರೆಯೋ ಮೊದಲೇ ರಕ್ತ ಏಟ್ರಿಯಂಗೆ ವಾಪಸ್ ಹೋಗೋಕೆ ಶುರುವಾಗುತ್ತೆ."

ಅಷ್ಟು ಹೇಳಿದ ಮೇಲೆ ಶಬ್ದದ ವಿಷಯಕ್ಕೆ ಅವಳೇ ಬಂದಳು. ಸೋರುವ ರಕ್ತದ ಸದ್ದು "ಲಬ್" ಜೊತೆಗೇ ಶುರುವಾಗಬೇಕು, ಅಯೋರ್ಟಿಕ್ ಮುಚ್ಚಿದ ಮೇಲೂ ವೆಂಟ್ರಿಕಲ್‌ನ ಒತ್ತಡ ಏಟ್ರಿಯಂಗಿಂತ ಜಾಸ್ತಿ ಇರುವುದರಿಂದ "ಡಬ್"ವರೆಗೂ ಇರಬೇಕು ಅಂದಳು. ಹಳೆಯ ಮೈಟ್ರಲ್ ಸೋರಿಕೆಯಲ್ಲಿ ವೈದ್ಯರು ಸಾಮಾನ್ಯವಾಗಿ ಕೇಳುವುದು ಅದನ್ನೇ. ಆ ಹುಡುಗಿ ಆ ಹೊತ್ತಿಗೆ ಒಬ್ಬ ರೋಗಿಯ ಎದೆಯ ಮೇಲೂ ಸ್ಟೆತಸ್ಕೋಪ್ ಇಟ್ಟಿರಲಿಲ್ಲ.