ಗಂಟಲು ನೋವಿನ ಹಿಂದೆಯೇ ಬರುವ ಒರಟು ದದ್ದು: ಸ್ಕಾರ್ಲೆಟ್ ಫೀವರ್ ಗುರುತಿಸುವುದು ಹೇಗೆ?

ಕೊಪ್ಪಳದ ನನ್ನ ಕ್ಲಿನಿಕ್ಕಿಗೆ ಕಿನ್ನಾಳದ ಕಡೆಯಿಂದ ಒಬ್ಬ ತಾಯಿ ಏಳು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದರು. ಮನೆಯಲ್ಲಿ ಮರದ ಗೊಂಬೆ ಮಾಡುವ ಕೆಲಸ. "ಮೇಡಮ್, ನೋಡಾಕ ಏನೂ ಕಾಣಂಗಿಲ್ರಿ. ಆದ್ರ ಮೈ ಮುಟ್ಟಿದ್ರ ಪಾಲಿಶ್ ಪೇಪರ್ ಮುಟ್ಟಿದಂಗ ಆಗತೈತ್ರಿ" ಎಂದರು. ಅರ್ಧ ರೋಗವನ್ನು ಅವರೇ ಗುರುತಿಸಿಬಿಟ್ಟಿದ್ದರು.

ಸ್ಕಾರ್ಲೆಟ್ ಫೀವರ್ ಬೇರೆಯೇ ಒಂದು ಕಾಯಿಲೆ ಅಲ್ಲ. ಗಂಟಲಲ್ಲಿ ಕೂತ ಸ್ಟ್ರೆಪ್ ಬ್ಯಾಕ್ಟೀರಿಯಾದ ಕೆಲವು ತಳಿಗಳು ಒಂದು ವಿಷವನ್ನು ಬಿಡುತ್ತವೆ. ಅದು ರಕ್ತದಲ್ಲಿ ಹರಡಿದಾಗ ಚರ್ಮದ ಮೇಲೆ ದದ್ದು ಏಳುತ್ತದೆ, ನಾಲಿಗೆ ಬದಲಾಗುತ್ತದೆ. ಜಾಸ್ತಿ ಕಾಣುವುದು 5ರಿಂದ 15 ವರ್ಷದ ಮಕ್ಕಳಲ್ಲಿ. ನಮ್ಮ ಕಡೆಯ ತೊಂದರೆ ಏನೆಂದರೆ, ಪುಸ್ತಕದಲ್ಲಿ ತೋರಿಸುವ ಕಡುಗೆಂಪು ಬಣ್ಣ ನಮ್ಮ ಮಕ್ಕಳ ಕಂದು ಮೈಮೇಲೆ ಸರಿಯಾಗಿ ಕಾಣುವುದೇ ಇಲ್ಲ. ಅದಕ್ಕೇ ಕಣ್ಣಿಗಿಂತ ಕೈಯನ್ನು ನಂಬಬೇಕು.

ಮನೆಯಲ್ಲಿ ನೋಡುವುದು ಹೀಗೆ

ಮೊದಲು ದಿನಗಳ ಲೆಕ್ಕ ಹಾಕಿ. ಆ ಹುಡುಗಿಗೆ ಸೋಮವಾರ ರಾತ್ರಿ ಇದ್ದಕ್ಕಿದ್ದಂತೆ 102 ಡಿಗ್ರಿ ಜ್ವರ ಬಂದಿತ್ತು. ಒಮ್ಮೆ ವಾಂತಿಯಾಗಿತ್ತು, ಎಂಜಲು ನುಂಗಲೂ ಆಗುತ್ತಿರಲಿಲ್ಲ. ಬುಧವಾರ ಬೆಳಿಗ್ಗೆ ಮೈ ಒರಟಾಗಿತ್ತು. ಜ್ವರ, ಗಂಟಲು ನೋವು ಶುರುವಾದ ಒಂದೆರಡು ದಿನದಲ್ಲಿ ದದ್ದು ಬರುವುದು ಇದರ ರೂಢಿ. ಕೆಮ್ಮು, ಮೂಗು ಸೋರುವುದು, ಕಣ್ಣು ಕೆಂಪಾಗುವುದು ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆ ಮೂರೂ ಇದ್ದು, ದದ್ದು ಕಿವಿಯ ಹಿಂದೆ, ಮುಖದ ಮೇಲೆ ಶುರುವಾಗಿದ್ದರೆ ದಡಾರದ ಅನುಮಾನ ಪಡಬೇಕು.

ಆಮೇಲೆ ಮಗುವಿನ ಅಂಗಿ ಬಿಚ್ಚಿಸಿ, ಬಾಗಿಲ ಬೆಳಕಿಗೆ ನಿಲ್ಲಿಸಿ. ಕುತ್ತಿಗೆ, ಎದೆ, ಹೊಟ್ಟೆಯ ಮೇಲೆ ಅಂಗೈ ಸವರಿ. ಸಣ್ಣ ಸಣ್ಣ ಗುಳ್ಳೆಗಳು ಒತ್ತೊತ್ತಾಗಿ ಕೈಗೆ ತಾಗುತ್ತವೆ. ಬಿಸಿಲುಗಾಲದ ಬೆವರು ಗುಳ್ಳೆಯೂ ಒರಟಾಗಿರುತ್ತದಲ್ವಾ ಎಂದು ಕೇಳಬಹುದು. ಇರುತ್ತದೆ, ಆದರೆ ಅದಕ್ಕೆ ಇಂಥ ಜ್ವರವಾಗಲಿ ಗಂಟಲು ನೋವಾಗಲಿ ಬರುವುದಿಲ್ಲ. ಕಂಕುಳು, ಮೊಣಕೈ ಮಡಿಕೆ, ತೊಡೆಸಂದಿಯನ್ನೂ ಬಿಡಿಸಿ ನೋಡಿ. ಅಲ್ಲಿ ದದ್ದು ಗೆರೆ ಎಳೆದಂತೆ ಗಾಢವಾಗಿರುತ್ತದೆ. ಕೆನ್ನೆ ಕೆಂಪೇರಿದ್ದರೂ ಬಾಯಿಯ ಸುತ್ತ ಮಾತ್ರ ಬಿಳಚಿಕೊಂಡಿರುತ್ತದೆ.

ಒಂದು ಗಾಜಿನ ಲೋಟ ತಗೊಂಡು ದದ್ದಿನ ಮೇಲೆ ಒತ್ತಿ, ಗಾಜಿನ ಮೂಲಕ ನೋಡಿ. ಸ್ಕಾರ್ಲೆಟ್ ಫೀವರಿನ ದದ್ದು ಒತ್ತಿದಾಗ ಮಾಸುತ್ತದೆ. ಚರ್ಮದ ಮಡಿಕೆಯ ಗೆರೆಗಳು ಕೆಲವೊಮ್ಮೆ ಮಾಸದೇ ಇರಬಹುದು. ಆದರೆ ಜ್ವರದ ಮಗುವಿನ ಮೈಮೇಲೆ ಬೇರೆ ಕಡೆ ನೇರಳೆ ಚುಕ್ಕೆಗಳಿದ್ದು, ಒತ್ತಿದರೂ ಮಾಸದಿದ್ದರೆ ಇದು ಬೇರೆ ವಿಷಯ. ತಡಮಾಡದೆ ಆಸ್ಪತ್ರೆಗೆ ಹೋಗಿ.

ಈಗ ನಾಲಿಗೆ. ಮೊದಲ ಒಂದೆರಡು ದಿನ ನಾಲಿಗೆಗೆ ಮೊಸರು ಬಳಿದ ಹಾಗೆ ಬಿಳಿ ಪದರ ಇರುತ್ತದೆ. ಅದರೊಳಗಿಂದ ಕೆಂಪು ಚುಕ್ಕೆಗಳು ತಲೆ ಎತ್ತಿರುತ್ತವೆ. ನಾಲ್ಕೈದನೇ ದಿನದ ಹೊತ್ತಿಗೆ ಪದರ ಸುಲಿದುಹೋಗಿ ಇಡೀ ನಾಲಿಗೆ ಕೆಂಪಗೆ, ಉಬ್ಬುಬ್ಬಾಗಿ ಕಾಣುತ್ತದೆ. ಸ್ಟ್ರಾಬೆರಿ ನಾಲಿಗೆ ಎನ್ನುವುದು ಇದಕ್ಕೇ. ಹಣ್ಣಿನ ಚಿತ್ರ ನೆನಪಿಟ್ಟುಕೊಂಡು ಕೆಂಪು ನಾಲಿಗೆಯನ್ನೇ ಹುಡುಕುತ್ತಾ ಕೂತರೆ ಮೊದಲ ದಿನಗಳ ಬಿಳಿ ನಾಲಿಗೆ ಕೈತಪ್ಪುತ್ತದೆ. ನಮ್ಮ ಹುಡುಗಿಯದು ಆವತ್ತು ಬಿಳಿಯೇ ಇತ್ತು.

ಸ್ಟ್ರಾಬೆರಿ ನಾಲಿಗೆ ಇನ್ನೊಂದು ರೋಗದಲ್ಲೂ ಬರುತ್ತದೆ. ಐದು ದಿನಕ್ಕೂ ಜ್ವರ ಇಳಿಯದೆ, ಕಣ್ಣು ಕೆಂಪಾಗಿ, ತುಟಿ ಒಡೆದು, ಅಂಗೈ ಅಂಗಾಲು ಊದಿದ್ದರೆ ಅದು ಕವಾಸಾಕಿ ರೋಗ ಇರಬಹುದು. ಅದರ ಚಿಕಿತ್ಸೆಯೇ ಬೇರೆ, ಮಕ್ಕಳ ವೈದ್ಯರೇ ನೋಡಬೇಕು.

ಅಜ್ಜಿಯ ಮಾತು

ಜೊತೆಗೆ ಬಂದಿದ್ದ ಅಜ್ಜಿ ಬೇವಿನ ಎಲೆ ಹಿಡಿದುಕೊಂಡಿದ್ದರು. "ತಾಯಿ ಬಂದಾಳ, ಸೂಜಿ ಮಾಡಿಸಬ್ಯಾಡ್ರಿ" ಎಂದರು. ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಳು ಎನ್ನುವುದು ನಮ್ಮ ಹಳ್ಳಿಗಳಲ್ಲಿ ಹಳೆಯ ನಂಬಿಕೆ. ಬೇವು ತಲೆದಿಂಬಿನ ಬಳಿ ಇರಲಿ, ನನ್ನ ತಕರಾರಿಲ್ಲ. ನನ್ನ ಚಿಂತೆ ಔಷಧಿ ನಿಲ್ಲಿಸುವುದರ ಬಗ್ಗೆ. "ಅಮ್ಮಾ, ಇದು ಗಂಟಲಿಂದ ಬಂದಿರೋದು, ಬಿಟ್ಟರೆ ಮುಂದೆ ಹೃದಯಕ್ಕೆ ಹೋಗಬಹುದು" ಎಂದು ಟಾರ್ಚ್ ಹಿಡಿದು ಮೊಮ್ಮಗಳ ಗಂಟಲು ತೋರಿಸಿದೆ. ಟಾನ್ಸಿಲ್ ಮೇಲೆ ಬಿಳಿ ಕಲೆ, ಮೇಲಿನ ಅಂಗುಳದಲ್ಲಿ ಕೆಂಪು ಚುಕ್ಕೆ. ಅವರು ಬಗ್ಗಿ ನೋಡಿ ಸುಮ್ಮನಾದರು.

ಖಾತ್ರಿ ಮಾಡಿಕೊಳ್ಳಲು ಗಂಟಲಿನ ಸ್ವಾಬ್ ಪರೀಕ್ಷೆ ಇದೆ. ಎಎಸ್‌ಓ ರಕ್ತಪರೀಕ್ಷೆ ಈ ಹಂತದಲ್ಲಿ ಬೇಡ. ಅದು ಹಿಂದೆ ಆಗಿಹೋದ ಸೋಂಕನ್ನು ಹೇಳುತ್ತದೆ, ಇವತ್ತಿನದನ್ನಲ್ಲ.

ಹತ್ತು ದಿನದ ಔಷಧಿ

ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಇದಕ್ಕೆ ಮೊದಲ ಔಷಧಿ. ಅವಧಿ 10 ದಿನ. ಅಮಾಕ್ಸಿಸಿಲಿನ್ ಲೆಕ್ಕ ದಿನಕ್ಕೆ ಒಂದು ಕೆಜಿ ತೂಕಕ್ಕೆ 50 ಮಿಲಿಗ್ರಾಂ, 1000 ಮಿಲಿಗ್ರಾಂ ದಾಟಬಾರದು. ಹುಡುಗಿ 20 ಕೆಜಿ ಇದ್ದಳು. ಹಾಗಾಗಿ ಬೆಳಿಗ್ಗೆ 500, ರಾತ್ರಿ 500. ಇದು ಅವಳ ಲೆಕ್ಕ, ನಿಮ್ಮ ಮಗುವಿನದನ್ನು ವೈದ್ಯರೇ ಬರೆಯಬೇಕು. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ, ಬೇರೆ ಔಷಧಿ ಕೊಡುತ್ತಾರೆ.

ಎಡವುವುದು ಇಲ್ಲೇ. 5 ಮಿ.ಲೀ.ನಲ್ಲಿ 250 ಮಿಲಿಗ್ರಾಂ ಇರುವ ಸಿರಪ್ ಆದರೆ ಒಂದು ಹೊತ್ತಿಗೆ 10 ಮಿ.ಲೀ., ದಿನಕ್ಕೆ 20. ಅಂದರೆ 60 ಮಿ.ಲೀ. ಬಾಟಲಿ ಮೂರೇ ದಿನಕ್ಕೆ ಖಾಲಿ. ಅಷ್ಟೊತ್ತಿಗೆ ಜ್ವರವೂ ಇಳಿದಿರುತ್ತದೆ, ಮಗು ಆಡುತ್ತಿರುತ್ತದೆ. ಬಾಟಲಿ ಮುಗಿಯಿತು, ಔಷಧಿಯೂ ಮುಗಿಯಿತು ಅಂದುಕೊಳ್ಳುತ್ತಾರೆ. ಹತ್ತು ದಿನಕ್ಕೆ 200 ಮಿ.ಲೀ. ಬೇಕು, ನಾಲ್ಕು ಬಾಟಲಿ. ಮೊದಲ ದಿನವೇ ನಾಲ್ಕೂ ತಗೊಳ್ಳಿ. ಆದರೆ ಎಲ್ಲವನ್ನೂ ಒಟ್ಟಿಗೆ ಕಲಸಬೇಡಿ. ಪುಡಿಗೆ ನೀರು ಹಾಕಿದ ಮೇಲೆ ಸಿರಪ್ ಕೆಲವೇ ದಿನ ಬಾಳುತ್ತದೆ, ಎಷ್ಟು ದಿನ ಎಂದು ಲೇಬಲ್ ಮೇಲೆ ಬರೆದಿರುತ್ತದೆ. ಒಂದು ಮುಗಿದ ಮೇಲೆ ಇನ್ನೊಂದು. ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ ಕಲಕಿ. ಪ್ರತಿ ಸಲ ಅಲುಗಾಡಿಸಿ ಕೊಡಿ. ಅಳತೆಗೆ ಬಾಟಲಿ ಜೊತೆ ಬರುವ ಮುಚ್ಚಳವೇ ಇರಲಿ, ಅಡುಗೆಮನೆ ಚಮಚ ಬೇಡ.

ಹತ್ತು ದಿನ ಕೊಡುವುದು ಕಷ್ಟ ಅನಿಸಿದರೆ ಬೆಂಜಥೀನ್ ಪೆನಿಸಿಲಿನ್ ಸೂಜಿ ಒಂದೇ ಸಲಕ್ಕೆ ಸಾಕು. 27 ಕೆಜಿಗಿಂತ ಕಡಿಮೆ ತೂಕದವರಿಗೆ 6 ಲಕ್ಷ ಯೂನಿಟ್, ಅದಕ್ಕಿಂತ ಹೆಚ್ಚಿನವರಿಗೆ 12 ಲಕ್ಷ. ಚೆನ್ನಾಗಿ ನೋಯುತ್ತದೆ, ಮಗುವಿಗೆ ಮೊದಲೇ ಹೇಳಿಬಿಡಿ.

ಇಷ್ಟೆಲ್ಲಾ ಯಾಕೆಂದರೆ ಅರ್ಧಕ್ಕೆ ಬಿಟ್ಟ ಸ್ಟ್ರೆಪ್, ಎರಡು ಮೂರು ವಾರದ ಮೇಲೆ ರುಮಾಟಿಕ್ ಜ್ವರವಾಗಿ ಬಂದು ಹೃದಯದ ಕವಾಟಗಳನ್ನು ಕೆಡಿಸಬಲ್ಲದು. ಗಂಟಲು ನೋವು ಶುರುವಾದ 9 ದಿನದೊಳಗೆ ಔಷಧಿ ಶುರು ಮಾಡಿದರೂ ಅದನ್ನು ತಡೆಯಬಹುದು.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಮಕ್ಕಳಿಗೆ ಆಸ್ಪಿರಿನ್ ಬೇಡ. ಊಟಕ್ಕೆ ಖಾರವಿಲ್ಲದ ಗಂಜಿ, ಮಜ್ಜಿಗೆ ಅನ್ನ, ಆಗಾಗ ನೀರು. ಔಷಧಿ ಶುರುವಾಗಿ 24 ಗಂಟೆ ಕಳೆದು, ಜ್ವರವೂ ಇಲ್ಲದಿದ್ದರೆ ಶಾಲೆಗೆ ಕಳಿಸಬಹುದು. ಮನೆಯಲ್ಲಿ ಬೇರೆಯವರಿಗೆ ಗಂಟಲು ನೋವು ಬಂದರೆ ಅವರನ್ನೂ ತೋರಿಸಿ. ಬಾಯಿ ತೆರೆಯಲಾಗದೆ ಜೊಲ್ಲು ಸುರಿಯುವುದು, ಉಸಿರಾಟ ಕಷ್ಟವಾಗುವುದು, ಕುತ್ತಿಗೆ ಒಂದೇ ಕಡೆ ಊದುವುದು ಕಂಡರೆ ರಾತ್ರಿಯಾದರೂ ಹೊರಡಿ.

ಹತ್ತನೇ ದಿನ ಹುಡುಗಿ ಮತ್ತೆ ಬಂದಳು. ದದ್ದು ಮಾಯವಾಗಿತ್ತು. ಬೆರಳ ತುದಿಗಳಲ್ಲಿ ಚರ್ಮ ಈರುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು. ತಾಯಿಗೆ ಗಾಬರಿ. ಅದು ವಾಸಿಯಾಗುವ ಲಕ್ಷಣವೇ, ಕೀಳದೆ ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕು. ಇನ್ನು ಮೂರು ವಾರ ಎರಡು ವಿಷಯ ಗಮನಿಸಿ ಎಂದೆ: ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಬೆಳಿಗ್ಗೆ ಮುಖ ಊದಿದರೆ ಕಿಡ್ನಿಗೆ ತೊಂದರೆಯಾಗಿರಬಹುದು, ಕೀಲು ಊದಿ ನೋಯತೊಡಗಿದರೆ ಅಥವಾ ಏದುಸಿರು ಬಂದರೆ ಹೃದಯ ಪರೀಕ್ಷೆ ಮಾಡಿಸಬೇಕು. ನಾಲ್ಕು ಬಾಟಲಿಗಳನ್ನೂ ಅಜ್ಜಿ ಚೀಲದಲ್ಲಿ ತಂದಿದ್ದರು. ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು ತೋರಿಸಿದರು.