ವರ್ಚುವಲ್ ಶಾರ್ಟ್ ಅನ್ನು ಕೊನೆಗೂ ಅಳೆದು ನೋಡಿದೆ

ನೆಗೆಟಿವ್ ಫೀಡ್‌ಬ್ಯಾಕ್ ಇರುವ ಆಪ್-ಆಂಪ್‌ನ ಪ್ಲಸ್, ಮೈನಸ್ ಇನ್‌ಪುಟ್‌ಗಳ ವೋಲ್ಟೇಜ್ ಬಹುತೇಕ ಒಂದೇ ಆಗಿರುವುದನ್ನು ವರ್ಚುವಲ್ ಶಾರ್ಟ್ ಎನ್ನುತ್ತಾರೆ. ಅದು ಲೆಕ್ಕಕ್ಕಷ್ಟೇ ಇರುವ ಊಹೆ, ಅಳತೆಗೆ ಸಿಗುವುದಿಲ್ಲ ಎಂದು ಜೊತೆಯವರು ಹೇಳುತ್ತಲೇ ಇದ್ದರು. ದುಬಾರಿ ಡಿಫರೆನ್ಷಿಯಲ್ ಪ್ರೋಬ್ ಇಲ್ಲದೆ ಆಗದು ಎಂಬ ಮಾತೂ ಬಂತು. ನಾನು ಅದಕ್ಕೆ ಹಣ ಸುರಿಯಲಿಲ್ಲ. ಹಳೆಯ 741 ಆಪ್-ಆಂಪ್ ಚಿಪ್ ಸಾಕಾಯಿತು. ಅದರ ನಿಧಾನಗತಿಯೇ ಇಲ್ಲಿ ಅನುಕೂಲ.

ಡಿಸಿಯಲ್ಲಿ ಮೊದಲ ಪ್ರಯತ್ನ ಕೈಕೊಟ್ಟಿತು. ಫೀಡ್‌ಬ್ಯಾಕ್ ಇಲ್ಲದಾಗ 741ರ ಗೇನ್ ಸುಮಾರು 2 ಲಕ್ಷ. ಔಟ್‌ಪುಟ್ 5 ವೋಲ್ಟ್ ಇದ್ದರೆ ಎರಡು ಇನ್‌ಪುಟ್‌ಗಳ ನಡುವೆ ಇರಬೇಕಾದದ್ದು 25 ಮೈಕ್ರೋವೋಲ್ಟ್ ಮಾತ್ರ. ಮೀಟರ್ ತೋರಿಸಿದ್ದು ಒಂದೆರಡು ಮಿಲಿವೋಲ್ಟ್, ಅದು ಚಿಪ್‌ನೊಳಗಿನದೇ ದೋಷವಾದ ಆಫ್‌ಸೆಟ್. ಆಗ ಎಸಿಗೆ ಹೋದೆ. ಆವರ್ತನ ಹತ್ತು ಪಟ್ಟು ಏರಿದಂತೆ ಈ ಚಿಪ್‌ನ ಗೇನ್ ಹತ್ತು ಪಟ್ಟು ಇಳಿಯುತ್ತದೆ. 10 ಕಿಲೋಹರ್ಟ್ಸ್‌ನಲ್ಲಿ ನೂರರ ಆಸುಪಾಸು. ಎರಡೂ ರೆಸಿಸ್ಟರ್ 10 ಕಿಲೋ ಓಮ್ ಇರುವ ಇನ್ವರ್ಟಿಂಗ್ ಸರ್ಕ್ಯೂಟ್‌ಗೆ 1 ವೋಲ್ಟ್ ಕೊಟ್ಟು ಮೈನಸ್ ಕಾಲಿಗೆ ಪ್ರೋಬ್ ಇಟ್ಟೆ. ಪ್ಲಸ್ ಕಾಲು ಗ್ರೌಂಡ್‌ನಲ್ಲಿರುವುದರಿಂದ ಅಲ್ಲಿ ಕಾಣುವುದೇ ಇನ್‌ಪುಟ್‌ಗಳ ಅಂತರ. 10 ಮಿಲಿವೋಲ್ಟ್‌ನ ಸೈನ್ ಅಲೆ ಸ್ಪಷ್ಟವಾಗಿ ಕಂಡಿತು. 1 ಕಿಲೋಹರ್ಟ್ಸ್‌ಗೆ ಇಳಿಸಿದಾಗ ಅದು 1 ಮಿಲಿವೋಲ್ಟ್‌ನಷ್ಟಾಯಿತು. ಔಟ್‌ಪುಟ್ ಮಾತ್ರ ಎರಡೂ ಸಲ 1 ವೋಲ್ಟ್. ಔಟ್‌ಪುಟ್ ಅನ್ನು ಗೇನ್‌ನಿಂದ ಭಾಗಿಸಿದರೆ ಉಳಿಯುವ ಚೂರೇ ಈ ಅಂತರ. ಗೇನ್ ಹೆಚ್ಚಿದಷ್ಟೂ ಅದು ಸೊನ್ನೆಗೆ ಹತ್ತಿರ. 100 ಹರ್ಟ್ಸ್‌ನಲ್ಲಿ ಅದು ಸ್ಕೋಪ್‌ನ ನಾಯ್ಸ್‌ನಲ್ಲಿ ಮುಳುಗುತ್ತದೆ. ಮೈನಸ್ ಕಾಲಿನ ಮುಂದೆ ಒಂದು ಡಿವೈಡರ್ ಇಟ್ಟು ಅದನ್ನೂ ಹಿಗ್ಗಿಸಿ ನೋಡಿದ್ದೇನೆ. ಅದರ ರೆಸಿಸ್ಟರ್ ಮೌಲ್ಯಗಳನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಗೇನ್ ಒಂದೇ ಕಾರಣವಲ್ಲ ಎಂಬುದಕ್ಕೆ ಎರಡು ಇನ್‌ಪುಟ್‌ಗಳನ್ನು ಅದಲುಬದಲು ಮಾಡಿ 1 ವೋಲ್ಟ್ ಡಿಸಿ ಕೊಟ್ಟೆ. ಕಾಗದದ ಮೇಲಿನ ಸಮೀಕರಣ ಆಗಲೂ ಅದೇ ಉತ್ತರ ಕೊಡುತ್ತದೆ. ಬೋರ್ಡ್‌ನಲ್ಲಿ ಔಟ್‌ಪುಟ್ 13 ವೋಲ್ಟ್‌ಗೆ ಹೋಗಿ ಅಂಟಿಕೊಂಡಿತು, ರೆಸಿಸ್ಟರ್‌ಗಳ ನಡುವಿನ ಬಿಂದು 7 ವೋಲ್ಟ್‌ನಲ್ಲಿ ನಿಂತಿತು. ನೆಗೆಟಿವ್ ಫೀಡ್‌ಬ್ಯಾಕ್‌ನಲ್ಲಿ ಮೈನಸ್ ಕಾಲು ಕೊಂಚ ಏರಿದರೆ ಔಟ್‌ಪುಟ್ ಜೋರಾಗಿ ಇಳಿದು ಅದನ್ನು ಕೆಳಗೆಳೆಯುತ್ತದೆ. ತಿರುಗಿಸಿ ಜೋಡಿಸಿದರೆ ಅದೇ ಔಟ್‌ಪುಟ್ ಆ ಏರಿಕೆಯನ್ನು ಇನ್ನಷ್ಟು ನೂಕುತ್ತದೆ.

ನಡುವೆ 741ರ ಬದಲು ಟಿಎಲ್072 ಎಂಬ ಇನ್ನೊಂದು ಆಪ್-ಆಂಪ್ ಹಾಕಿ, 100 ಕಿಲೋ ಓಮ್‌ನ ಎರಡು ರೆಸಿಸ್ಟರ್‌ಗಳೊಂದಿಗೂ ನೋಡಿದೆ. ಪ್ರೋಬ್ ತಾಗಿದ ಕೂಡಲೇ ಔಟ್‌ಪುಟ್ ನಡುಗತೊಡಗಿತು. ಹತ್ತು ಹದಿನೈದು ಪಿಕೋಫ್ಯಾರಡ್‌ನಷ್ಟು ಪ್ರೋಬ್ ಕೆಪಾಸಿಟೆನ್ಸ್ ಫೀಡ್‌ಬ್ಯಾಕ್ ಅನ್ನು ತಡವಾಗಿಸಿತ್ತು. ಫೀಡ್‌ಬ್ಯಾಕ್ ರೆಸಿಸ್ಟರ್‌ಗೆ ಅಡ್ಡಲಾಗಿ ಸಣ್ಣ ಕೆಪಾಸಿಟರ್ ಹಾಕಿದ ಮೇಲೆ ಶಾಂತವಾಯಿತು.

ಈಗ ರಿಪೇರಿಗೆ ಬಂದ ಬೋರ್ಡ್‌ನಲ್ಲಿ ನಾನು ಮೊದಲು ಅಳೆಯುವುದು ಎರಡು ಇನ್‌ಪುಟ್‌ಗಳ ನಡುವಿನ ಅಂತರವನ್ನೇ. ಒಮ್ಮೆ ಹತ್ತು ಪಟ್ಟು ಹಿಗ್ಗಿಸುವ ಇನ್ವರ್ಟಿಂಗ್ ಹಂತದಲ್ಲಿ 0.6 ವೋಲ್ಟ್ ಸಿಕ್ಕಿತು. ಚಿಪ್ ಸತ್ತಿದೆ ಎಂದು ಬದಲಿಸಲು ಹೊರಟಿದ್ದರು. ಇನ್‌ಪುಟ್‌ಗೆ 2 ವೋಲ್ಟ್ ಬರುತ್ತಿತ್ತು, ಔಟ್‌ಪುಟ್ ಮೈನಸ್ 20ಕ್ಕೆ ಹೋಗಬೇಕಿತ್ತು, ಮೈನಸ್ 13ರಲ್ಲಿ ಸಪ್ಲೈಗೆ ತಾಗಿ ನಿಂತಿತ್ತು. ಅಲ್ಲಿಂದಾಚೆ ಔಟ್‌ಪುಟ್‌ಗೆ ಎಳೆಯಲು ಜಾಗವಿಲ್ಲ, ಹಾಗಾಗಿ ಮೈನಸ್ ಕಾಲು ಮೇಲೆದ್ದಿತ್ತು. ಕೆಟ್ಟಿದ್ದು ಹಿಂದಿನ ಹಂತ. ಈ ಚಿಪ್ ಇಂದಿಗೂ ಅದೇ ಬೋರ್ಡ್‌ನಲ್ಲಿ ಕೆಲಸ ಮಾಡುತ್ತಿದೆ.